ಗುಂಯ್‌ಗುಡುವ ಸುರುಳಿ, ಸುಮ್ಮನಾಗುವ ಸುರುಳಿ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಹೊಸಪೇಟೆಯ ಒಂದು ರಸಮಂಜರಿ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಗಣಪತಿ ಹಬ್ಬ ಬಂತೆಂದರೆ ನಮಗೆ ಸುಗ್ಗಿ. ಒಂದು ರಾತ್ರಿ ಹೊಸಪೇಟೆಯ ಓಣಿಯಲ್ಲಿ, ಮರುರಾತ್ರಿ ಸಂಡೂರಿನಲ್ಲಿ, ಅದರ ಮರುದಿನ ಕಂಪ್ಲಿಯಲ್ಲಿ. ಟೆಂಪೊದ ಹಿಂಬದಿಯಲ್ಲಿ ಸ್ಪೀಕರ್ ಡಬ್ಬಿಗಳ ನಡುವೆ ಕಾಲು ಮಡಚಿಕೊಂಡು ಕೂತು ಹೋಗುವುದು, ಬೆಳಗಿನ ಜಾವಕ್ಕೆ ಮಂಡಕ್ಕಿ ಮಿರ್ಚಿ ತಿಂದು ವಾಪಸಾಗುವುದು. ನನ್ನ ಕೈಯಲ್ಲಿದ್ದದ್ದು ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಎಂಬ ಗಿಟಾರಿನ ಅಗ್ಗದ ನಕಲು. ಮೂರು ಪಿಕಪ್, ಐದು ಹಂತದ ಸ್ವಿಚ್ಚು, ಅಂಚಿನಲ್ಲಿ ಬಣ್ಣ ಕಿತ್ತುಹೋದ ಮರ.

ಕಂಪ್ಲಿಯ ಆ ರಾತ್ರಿ ಮರೆಯುವಂಥದ್ದಲ್ಲ. ಭತ್ತದ ಊರು, ಜನ ಕಿಕ್ಕಿರಿದಿದ್ದರು. ಪೆಂಡಾಲಿನ ಎರಡೂ ಬದಿಗೆ ಸಾಲಾಗಿ ಟ್ಯೂಬ್‌ಲೈಟ್ ಕಟ್ಟಿದ್ದರು. ಮೇಲೆ ಮಿಣುಕುವ ಸೀರಿಯಲ್ ಸೆಟ್ಟು. ನಾನು ಗಿಟಾರಿನ ತಂತಿ ಮುಟ್ಟುವ ಮುಂಚೆಯೇ ನನ್ನ ಆಂಪ್ಲಿಫೈಯರ್ ಗುಂಯ್ ಎನ್ನತೊಡಗಿತು. ದಪ್ಪ, ಎಡೆಬಿಡದ ಸದ್ದು. ಭಾವಗೀತೆಯೊಂದರ ಆರಂಭದಲ್ಲಿ ಗಾಯಕಿ ಶ್ರುತಿ ಹಿಡಿಯಲು ನನ್ನತ್ತ ನೋಡಿದರೆ ನನ್ನ ಡಬ್ಬಿ ತನ್ನದೇ ಶ್ರುತಿ ಹಿಡಿದು ಕೂತಿತ್ತು. ಕೀಬೋರ್ಡಿನ ಹುಡುಗ ಒಂದು ಕೀಲಿ ಒತ್ತಿ ನೋಡಿ ನಕ್ಕ: "ಲೇ, ನಿನ್ನ ಗಿಟಾರು ಜಿ ಸ್ವರ ಹಿಡ್ಕೊಂಡೈತಿ. ನಾವೆಲ್ಲಾ ಜಿ ಸ್ಕೇಲಿಗೆ ಬರೋಣೇನು?"

ಅವನು ತಮಾಷೆಗೆ ಹೇಳಿದ್ದ. ಆದರೆ ಅದು ಬಹುಮಟ್ಟಿಗೆ ನಿಜವಾಗಿತ್ತು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಹರಿಯುತ್ತದೆ. ಆ 50 ಹರ್ಟ್ಸ್‌ನ ಇಮ್ಮಡಿ 100 ಹರ್ಟ್ಸ್. ಗಿಟಾರಿನ ಅತಿ ದಪ್ಪ ತಂತಿಯನ್ನು ಮೂರನೆಯ ಮನೆಯಲ್ಲಿ ಒತ್ತಿದರೆ ಬರುವ ಜಿ ಸ್ವರ 98 ಹರ್ಟ್ಸ್. ಎರಡಕ್ಕೂ ವ್ಯತ್ಯಾಸ ಬರೀ ಎರಡು. ಹಾಗಾಗಿ ಆ ರಾತ್ರಿ ನಾನು ಜಿ ನುಡಿಸಿದಾಗಲೆಲ್ಲ ಸ್ವರವು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತಿತ್ತು, ಯಾರೋ ಒಳಗೆ ಕೂತು ಉಸಿರಾಡಿದಂತೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಅಲ್ಲಿನ ಗುಂಯ್ ಬಿ ಸ್ವರಕ್ಕೂ ಅದರ ಕೆಳಗಿನ ಸ್ವರಕ್ಕೂ ನಡುವೆ ಎಲ್ಲಿಯೂ ಸೇರದೆ ನಿಲ್ಲುತ್ತದೆ. ಸಂಡೂರಿನಲ್ಲಿ ಡೀಸೆಲ್ ಜನರೇಟರ್ ಮೇಲೆ ಕಾರ್ಯಕ್ರಮ ಕೊಟ್ಟಾಗ ಇನ್ನೊಂದು ವಿಚಿತ್ರ ಕಂಡಿದ್ದೆ. ಲೈಟುಗಳೆಲ್ಲ ಒಮ್ಮೆಗೇ ಹೊತ್ತಿದರೆ ಜನರೇಟರಿನ ಓಟ ಕುಗ್ಗಿ ಗುಂಯ್ ಸ್ವಲ್ಪ ಕೆಳಗಿಳಿಯುತ್ತಿತ್ತು. 50 ಇದ್ದದ್ದು 49ಕ್ಕೆ ಇಳಿದ ಗಳಿಗೆಯಲ್ಲಿ ಅದು ಅಚ್ಚುಕಟ್ಟಾದ ಜಿ.

ಕಂಪ್ಲಿಯಲ್ಲಿ ನಾನು ಕಂಡುಕೊಂಡ ಇನ್ನೊಂದು ಸಂಗತಿಯಿಂದ ಈ ಬರಹದ ನಿಜವಾದ ಕತೆ ಶುರುವಾಗುತ್ತದೆ. ಸಿಟ್ಟಿನಿಂದ ಜನರಿಗೆ ಬೆನ್ನು ಹಾಕಿ ಆಂಪ್ಲಿಫೈಯರ್ ಕಡೆ ತಿರುಗುವಾಗ, ಪೂರ್ತಿ ತಿರುಗುವ ಮುಂಚೆ ಒಂದು ಓರೆಯಲ್ಲಿ, ಗುಂಯ್ ಬಹುತೇಕ ನಿಂತೇಹೋಯಿತು. ಅರ್ಧ ಹೆಜ್ಜೆ ಹೊರಳಿದರೆ ಮತ್ತೆ ಬಂತು. ಉಳಿದ ಮೂರು ಗಂಟೆ ನಾನು ದಿಕ್ಸೂಚಿಯ ಮುಳ್ಳಿನಂತೆ ಒಂದೇ ದಿಕ್ಕಿಗೆ ನಿಂತು ನುಡಿಸಿದೆ. ನನಗೆ ಸೊಕ್ಕು ಎಂದು ಕೆಲವರು ಅಂದುಕೊಂಡಿರಬೇಕು.

ತಿರುಗಿದರೆ ಸದ್ದು ಯಾಕೆ ಬದಲಾಗಬೇಕು? ಇದಕ್ಕೆ ಉತ್ತರ ಪಿಕಪ್ಪಿನ ಹುಟ್ಟಿನಲ್ಲೇ ಇದೆ. ಹಂಪಿಯ ವಿಜಯ ವಿಠಲ ದೇವಾಲಯದ ಸಂಗೀತ ಕಂಬಗಳನ್ನು ನೋಡಿ ಬೆಳೆದವರು ನಾವು. ಅಲ್ಲಿ ಸದ್ದು ಮಾಡುವುದು ಕಲ್ಲೇ. ಕಲ್ಲು ನಡುಗುತ್ತದೆ, ಗಾಳಿ ನಡುಗುತ್ತದೆ, ಕಿವಿ ಕೇಳುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ಪು ಗಾಳಿಯ ನಡುಕವನ್ನು ಕೇಳುವುದೇ ಇಲ್ಲ. ಅದು ಮೈಕು ಅಲ್ಲ. ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು, ಇಷ್ಟೇ. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಅಯಸ್ಕಾಂತದ ಕ್ಷೇತ್ರ ಕೊಂಚ ಅಲುಗುತ್ತದೆ. ಅಲುಗುವ ಕ್ಷೇತ್ರ ಸುರುಳಿಯೊಳಗೆ ವಿದ್ಯುತ್ತನ್ನು ಹುಟ್ಟಿಸುತ್ತದೆ. ನೈಲಾನ್ ತಂತಿ ಕಟ್ಟಿದರೆ ಏನೂ ಕೇಳದು.

ಇದನ್ನು ಮೊದಲು ಗೆಲ್ಲಿಸಿದವರಲ್ಲಿ ಮುಖ್ಯನಾದವನು ಜಾರ್ಜ್ ಬೋಶಾಂಪ್. 1931ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಅವನು ಕುದುರೆ ಲಾಳದ ಆಕಾರದ ಎರಡು ಅಯಸ್ಕಾಂತಗಳ ನಡುವೆ ತಂತಿಗಳನ್ನು ಹಾಯಿಸಿ, ಕೆಳಗೆ ಸುರುಳಿಯಿಟ್ಟು, ರೊಟ್ಟಿ ಬೇಯಿಸುವ ಬಾಣಲೆಯಂತೆ ಕಾಣುವ ಗಿಟಾರೊಂದನ್ನು ರೂಪಿಸಿದ. ರಿಕನ್‌ಬ್ಯಾಕರ್ ಅದನ್ನು ಮಾರಾಟಕ್ಕೆ ತಂದ. ಅದರ ಅಡ್ಡಹೆಸರು ಕೂಡ 'ಫ್ರೈಯಿಂಗ್ ಪ್ಯಾನ್'. 1934ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಗೆ 1937ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿಂದ 1954ರ ಸ್ಟ್ರಾಟೊಕಾಸ್ಟರ್‌ವರೆಗೆ ಬಹುಪಾಲು ಗಿಟಾರುಗಳ ಪಿಕಪ್ಪು ಇದೇ ಬಗೆ: ಒಂದು ಸುರುಳಿ, ಅಂದರೆ ಸಿಂಗಲ್ ಕಾಯಿಲ್.

ಒಂದು ಸುರುಳಿಯ ಕಷ್ಟ ಏನೆಂದರೆ ಅದಕ್ಕೆ ಭೇದಭಾವ ಗೊತ್ತಿಲ್ಲ. ತನ್ನೊಳಗೆ ಹಾದುಹೋಗುವ ಯಾವ ಅಯಸ್ಕಾಂತ ಕ್ಷೇತ್ರ ಬದಲಾದರೂ ಅದು ವಿದ್ಯುತ್ತು ಹುಟ್ಟಿಸುತ್ತದೆ. ಬದಲಾಯಿಸಿದ್ದು ಗಿಟಾರಿನ ತಂತಿಯೋ, ಪಕ್ಕದ ಟ್ಯೂಬ್‌ಲೈಟಿನ ಚೋಕೋ ಅದಕ್ಕೆ ತಿಳಿಯದು. ಆ ಕಾಲದ ಟ್ಯೂಬ್‌ಲೈಟಿನ ಚೋಕ್ ಎಂದರೆ ಕಬ್ಬಿಣದ ತಗಡುಗಳ ಮೇಲೆ ಸುತ್ತಿದ ತಾಮ್ರ. ಅದರಿಂದ 50 ಹರ್ಟ್ಸ್‌ನ ಕ್ಷೇತ್ರ ಸುತ್ತಲೂ ಸೋರುತ್ತಿರುತ್ತದೆ. ಆ ಕ್ಷೇತ್ರದ ಗೆರೆಗಳು ಸುರುಳಿಯ ಬಾಯಿಗೆ ನೇರವಾಗಿ ಹಾಯ್ದರೆ ಗುಂಯ್ ಜೋರು. ಸುರುಳಿಯನ್ನು ಓರೆ ಮಾಡಿ ಗೆರೆಗಳು ಬಾಯಿಗೆ ಹೋಗದೆ ಪಕ್ಕದಲ್ಲೇ ಸವರಿ ಹೋಗುವಂತೆ ಮಾಡಿದರೆ ಗುಂಯ್ ಅಡಗುತ್ತದೆ. ಕಂಪ್ಲಿಯಲ್ಲಿ ನಾನು ಗೊತ್ತಿಲ್ಲದೆ ಮಾಡಿದ್ದು ಅದನ್ನೇ.

ಆ ಹಬ್ಬ ಮುಗಿಯುವ ಹೊತ್ತಿಗೆ ನನ್ನ ಗಿಟಾರಿನ ನಡುವಿನ ಪಿಕಪ್ಪು ಪೂರ್ತಿ ಮೂಕವಾಯಿತು. ಹೊಸಪೇಟೆಯಲ್ಲಿ ಗಿಟಾರ್ ರಿಪೇರಿಯವರು ಯಾರೂ ಇರಲಿಲ್ಲ. ಮೋಟರ್ ರಿವೈಂಡಿಂಗ್ ಅಂಗಡಿಗಳು ಮಾತ್ರ ಬೇಕಾದಷ್ಟಿದ್ದವು. ಕಂಪ್ಲಿ, ಕಮಲಾಪುರದ ಕಡೆಯ ಗದ್ದೆಗಳ ಪಂಪ್‌ಸೆಟ್ಟುಗಳು ಸುಟ್ಟರೆ ಬರುವುದು ಅಲ್ಲಿಗೇ. ನಮ್ಮ ಓಣಿಯ ತುದಿಯಲ್ಲಿದ್ದ ಅಂಥ ಒಂದು ಅಂಗಡಿಯ ಯಜಮಾನರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಪಿಕಪ್ಪನ್ನು ಅವರ ಮುಂದಿಟ್ಟೆ.

ಚಾಚಾ ಕನ್ನಡಕ ಏರಿಸಿ, ತಿರುಗಿಸಿ ನೋಡಿ, "ಇದ್ರಾಗೆ ಏನೈತಿ ತಮ್ಮಾ, ಸುತ್ತು ಐತಿ, ಅಯಸ್ಕಾಂತ ಐತಿ. ನಮ್ಮದೇ ಕಸುಬು," ಎಂದರು. ಮೀಟರ್ ಹಚ್ಚಿದರು, ಮುಳ್ಳು ಅಲುಗಲಿಲ್ಲ. ಪಕ್ಕದ ಪಿಕಪ್ಪಿಗೆ ಹಚ್ಚಿದರೆ ಸುಮಾರು 6,000 ಓಮ್ ತೋರಿಸಿತು. "ಇದು ಆರೋಗ್ಯ, ಅದು ಎಲ್ಲೋ ತುಂಡಾಗೇತಿ." ಬೆಳಕಿಗೆ ಹಿಡಿದು ಹುಡುಕಿದಾಗ ಸುರುಳಿಯ ಹೊರತುದಿ ಬೆಸುಗೆಯ ಹತ್ತಿರ ಕಡಿದದ್ದು ಕಂಡಿತು. ಫ್ಯಾನಿಗೆ ಸುತ್ತುವ ತಂತಿಯೇ ತೆಳು ಎನ್ನುವವರಿಗೆ ಇದು ಇನ್ನೂ ಸಣ್ಣದು. ಪಿಕಪ್ಪಿನ ತಂತಿ ಒಂದು ಮಿಲಿಮೀಟರಿನ ಹದಿನಾರನೇ ಒಂದು ಭಾಗದಷ್ಟು ದಪ್ಪ. ಅದನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಬಿಚ್ಚಿ ಎಳೆದರೆ ಒಂದು ಕಿಲೋಮೀಟರಿಗೂ ಮಿಕ್ಕಿ ಹೋಗುತ್ತದೆ. ಚಾಚಾ ಅರ್ಧ ಸುತ್ತು ಬಿಚ್ಚಿ, ತುದಿಯ ವಾರ್ನಿಷನ್ನು ಬ್ಲೇಡಿನಿಂದ ಕೆರೆಯದೆ ಬಿಸಿ ಬೆಸುಗೆಯಲ್ಲೇ ಸುಟ್ಟು, ಉಸಿರು ಬಿಗಿಹಿಡಿದು ಅಂಟಿಸಿದರು. ಮುಳ್ಳು ಎದ್ದಿತು.

ಗುಂಯ್‌ನ ಕತೆಯನ್ನೂ ಅವರಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೂರೂ ಸುತ್ತು ಒಂದೇ ದಿಕ್ಕಿಗೆ ಅದಾವೇನು?" ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆದರೆ ಇದೇ ಪ್ರಶ್ನೆಯನ್ನು ನಲವತ್ತು ವರ್ಷ ಮುಂಚೆ ಅಮೆರಿಕದ ಕಲಮಝೂ ಊರಿನಲ್ಲಿ ಇನ್ನೊಬ್ಬರು ಕೇಳಿಕೊಂಡಿದ್ದರೆಂದು ನಂತರ ಓದಿ ತಿಳಿದೆ. ಅವರ ಹೆಸರು ಸೇತ್ ಲವರ್, ಗಿಬ್ಸನ್ ಕಂಪನಿಯ ಎಂಜಿನಿಯರ್. ಆಂಪ್ಲಿಫೈಯರಿನ ಒಳಗಿನ ಚೋಕ್ ಗುಂಯ್ ಎಬ್ಬಿಸದಂತೆ ಅದನ್ನು ಒಂದಕ್ಕೊಂದು ಎದುರಾಗಿ ಸುತ್ತಿದ ಎರಡು ಸುರುಳಿಗಳಾಗಿ ಮಾಡುವ ಉಪಾಯ ಅವರಿಗೆ ಗೊತ್ತಿತ್ತು. ಚೋಕಿನಲ್ಲಿ ಆಗುವುದು ಪಿಕಪ್ಪಿನಲ್ಲಿ ಯಾಕೆ ಆಗಬಾರದು ಎಂಬುದು ಅವರ ಪ್ರಶ್ನೆ. ಕಂಪ್ಲಿಯಲ್ಲಿ ನನ್ನನ್ನು ಕಾಡಿದ್ದು ಚೋಕ್, ಕಲಮಝೂನಲ್ಲಿ ದಾರಿ ತೋರಿಸಿದ್ದೂ ಚೋಕ್.

ಉಪಾಯ ಸರಳ. ಪಕ್ಕಪಕ್ಕದಲ್ಲಿ ಎರಡು ಸುರುಳಿ ಇಡಿ. ಎರಡನೆಯದರ ವಿದ್ಯುತ್ತು ಮೊದಲನೆಯದಕ್ಕೆ ಎದುರಾಗಿ ಹರಿಯುವಂತೆ ಜೋಡಿಸಿ. ಹೊರಗಿನಿಂದ ಬರುವ ಗುಂಯ್ ಎರಡರಲ್ಲೂ ಸಮನಾಗಿ ಹುಟ್ಟುತ್ತದೆ, ಎದುರಾಗಿ ಜೋಡಿಸಿದ್ದರಿಂದ ಕೂಡಿ ಕಳೆದು ಸೊನ್ನೆಯಾಗುತ್ತದೆ. ಆದರೆ ಹೀಗೆ ಮಾಡಿದರೆ ಸಂಗೀತವೂ ಸೊನ್ನೆಯಾಗಬೇಕಲ್ಲ? ಅದಕ್ಕೇ ಎರಡನೆಯ ಹೆಜ್ಜೆ: ಒಂದು ಸುರುಳಿಯ ಅಯಸ್ಕಾಂತ ಉತ್ತರ ಧ್ರುವ ಮೇಲಾಗಿರಲಿ, ಇನ್ನೊಂದರದು ದಕ್ಷಿಣ ಮೇಲಾಗಿರಲಿ. ಆಗ ಗಿಟಾರಿನ ತಂತಿಯ ಅಲುಗಾಟ ಎರಡನೆಯ ಸುರುಳಿಯಲ್ಲಿ ಎರಡು ಸಲ ತಿರುವುಮುರುವಾಗುತ್ತದೆ, ಒಮ್ಮೆ ಅಯಸ್ಕಾಂತದಿಂದ, ಒಮ್ಮೆ ಜೋಡಣೆಯಿಂದ. ಎರಡು ಸಲ ತಿರುಗಿದ್ದು ಮೊದಲಿನಂತೆಯೇ ಆಯಿತು, ಹಾಗಾಗಿ ಅದು ಕೂಡಿಕೊಳ್ಳುತ್ತದೆ. ಹೊರಗಿನ ಗುಂಯ್‌ಗೆ ಪಿಕಪ್ಪಿನ ಅಯಸ್ಕಾಂತದ ಹಂಗಿಲ್ಲ. ಅದು ಒಂದೇ ಸಲ ತಿರುಗಿ ಅಳಿದುಹೋಗುತ್ತದೆ. ಗುಂಯ್ ಅನ್ನು ಎದುರಿಸಿ ನಿಲ್ಲುವುದು ಎಂಬ ಅರ್ಥದಲ್ಲೇ ಇದಕ್ಕೆ 'ಹಂಬಕರ್' ಎಂಬ ಹೆಸರು ಬಂತು.

ಲವರ್ 1955ರ ಜೂನ್‌ನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, ಒಪ್ಪಿಗೆ ಬಂದದ್ದು 1959ರ ಜುಲೈನಲ್ಲಿ. ನಡುವೆ, 1957ರಲ್ಲೇ, ಗಿಬ್ಸನ್‌ನ ಲೆಸ್ ಪಾಲ್ ಗಿಟಾರುಗಳಿಗೆ ಈ ಪಿಕಪ್ಪು ಬಂದಿತ್ತು. ಪೇಟೆಂಟಿಗೆ ಅರ್ಜಿ ಹಾಕಲಾಗಿದೆ ಎಂದು ಬರೆದ ಪುಟ್ಟ ಚೀಟಿಯನ್ನು ಅದರ ತಳಕ್ಕೆ ಅಂಟಿಸುತ್ತಿದ್ದರು. ಆ ಚೀಟಿಯ ಮೊದಲಕ್ಷರಗಳಿಂದಲೇ ಅವು ಇಂದಿಗೂ 'ಪಿಎಎಫ್' ಎಂದು ಹೆಸರಾಗಿವೆ. ಅದೇ ವರ್ಷಗಳಲ್ಲಿ ರೇ ಬಟ್ಸ್ ಎಂಬಾತ ಗ್ರೆಚ್ ಕಂಪನಿಗಾಗಿ ಇದೇ ತತ್ತ್ವದ ಇನ್ನೊಂದು ಪಿಕಪ್ಪನ್ನು ತನ್ನಷ್ಟಕ್ಕೆ ರೂಪಿಸಿದ್ದ.

ಹಾಗಾದರೆ ಎಲ್ಲರೂ ಹಂಬಕರಿಗೆ ಬದಲಾಗಿ ಸಿಂಗಲ್ ಕಾಯಿಲ್ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾಕೆಂದರೆ ಸದ್ದಡಗಿಸಲು ತೆತ್ತ ಬೆಲೆ ನಾದದಲ್ಲಿತ್ತು.

ಬೆಲೆ ಎರಡು ಬಗೆಯದು. ಮೊದಲನೆಯದು, ಎರಡು ಸುರುಳಿ ಸಾಲಾಗಿ ಸೇರಿದಾಗ ಒಟ್ಟು ಸುತ್ತು ಹೆಚ್ಚುತ್ತದೆ. ಪಿಎಎಫ್‌ನಲ್ಲಿ ಒಂದೊಂದರಲ್ಲೂ ಸುಮಾರು 5,000 ಸುತ್ತು. ಸುತ್ತು ಹೆಚ್ಚಿದಷ್ಟೂ ಸುರುಳಿ ವೇಗದ ಬದಲಾವಣೆಗೆ ಅಡ್ಡ ನಿಲ್ಲುತ್ತದೆ. ಪ್ರತಿ ಪಿಕಪ್ಪಿಗೂ, ಅದು ಕೇಬಲ್ಲಿನ ಜೊತೆ ಸೇರಿದಾಗ, ಒಂದು ಎತ್ತರದ ಜಾಗವಿರುತ್ತದೆ. ಅಲ್ಲಿನ ಸ್ವರಾಂಶಗಳನ್ನು ಅದು ಎತ್ತಿ ತೋರಿಸಿ, ಅದಕ್ಕಿಂತ ಮೇಲಿನವನ್ನು ಕೈಬಿಡುತ್ತದೆ. ಸಾಮಾನ್ಯ ಉದ್ದದ ಕೇಬಲ್ಲಿನಲ್ಲಿ ಸ್ಟ್ರಾಟೊಕಾಸ್ಟರಿಗೆ ಈ ಜಾಗ ಸುಮಾರು 4,000 ಹರ್ಟ್ಸ್‌ನ ಆಚೆ ಬೀಳುತ್ತದೆ. ಹಂಬಕರಿಗೆ 3,000ದ ಆಸುಪಾಸು. ತಂತಿಗೆ ಉಗುರು ತಾಗಿದ ಚುರುಕು, ಗಂಟೆಯಂಥ ಮಿಂಚು ಇರುವುದು ಈ ಎರಡರ ನಡುವಿನ ಮತ್ತು ಮೇಲಿನ ಪಟ್ಟಿಯಲ್ಲೇ.

ಎರಡನೆಯದು, ಸಿಂಗಲ್ ಕಾಯಿಲ್ ತಂತಿಯ ಒಂದೇ ಜಾಗವನ್ನು ನೋಡುತ್ತದೆ. ಹಂಬಕರು ಸುಮಾರು ಎರಡು ಸೆಂಟಿಮೀಟರ್ ಅಂತರದ ಎರಡು ಜಾಗಗಳನ್ನು ನೋಡಿ ಕೂಡಿಸುತ್ತದೆ. ತಂತಿಯ ಸಣ್ಣ ಸಣ್ಣ ಅಲೆಗಳಲ್ಲಿ ಒಂದು ಜಾಗ ಮೇಲೇರುವಾಗ ಇನ್ನೊಂದು ಕೆಳಗಿಳಿಯುತ್ತಿರುತ್ತದೆ. ಅಂಥ ಸೂಕ್ಷ್ಮ ಸ್ವರಾಂಶಗಳು ಕೂಡಿಸುವಾಗ ಅಳಿಯುತ್ತವೆ. ಉಳಿಯುವುದು ದುಂಡಗಿನ, ತುಂಬಿದ, ಮಧ್ಯದಲ್ಲಿ ದಪ್ಪನಾದ ನಾದ. ಗುಂಯ್‌ನ ಜೊತೆ ಒಂದಿಷ್ಟು ಮಿಂಚೂ ಹೋಯಿತು.

ಈ ಎರಡನ್ನೂ ಒಬ್ಬನೇ ನುಡಿಸುಗಾರನಲ್ಲಿ ಕೇಳಬೇಕೆಂದರೆ ಮಾರ್ಕ್ ನಾಪ್ಲರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1978ರಲ್ಲಿ ಡೈರ್ ಸ್ಟ್ರೇಟ್ಸ್ ತಂಡದ 'ಸುಲ್ತಾನ್ಸ್ ಆಫ್ ಸ್ವಿಂಗ್' ಹಾಡಿಗೆ ಅವನು ಹಿಡಿದದ್ದು ಸ್ಟ್ರಾಟೊಕಾಸ್ಟರ್. ಬೆರಳಿನಿಂದ ಮೀಟಿದ ಒಂದೊಂದು ಸ್ವರವೂ ಪಾದರಸದ ಹನಿಯಂತೆ ಬೇರೆಬೇರೆಯಾಗಿ ಉರುಳುತ್ತದೆ. 1985ರ 'ಬ್ರದರ್ಸ್ ಇನ್ ಆರ್ಮ್ಸ್' ಹಾಡಿಗೆ ಅವನ ಕೈಯಲ್ಲಿ ಲೆಸ್ ಪಾಲ್ ಇತ್ತು. ಅಲ್ಲಿ ಸ್ವರಗಳು ಒಂದರೊಳಗೊಂದು ಕರಗಿ ಪಿಟೀಲಿನಂತೆ ಎಳೆದುಕೊಂಡು ಹೋಗುತ್ತವೆ. ಬೆರಳುಗಳು ಅವೇ. 2005ರಲ್ಲಿ ಅವನು ಬೆಂಗಳೂರಿಗೆ ಬಂದಾಗ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ದೂರದಲ್ಲಿ ನಿಂತು ಕೇಳಿ ಬಂದೆ.

ರಾಕ್ ಸಂಗೀತದ ಕವಲುಗಳು ಈ ಎರಡು ಪಿಕಪ್ಪುಗಳ ನಡುವೆ ಹೇಗೆ ಹಂಚಿಹೋದವು ಎಂಬುದನ್ನೂ ಇಲ್ಲಿಂದಲೇ ಊಹಿಸಬಹುದು. ಸ್ವಚ್ಛವಾಗಿ, ಅಥವಾ ಅಂಚಿನಲ್ಲಿ ಮಾತ್ರ ಕೊಂಚ ಒಡೆದ ಧ್ವನಿಯಲ್ಲಿ ನುಡಿಸುವವರಿಗೆ ಸಿಂಗಲ್ ಕಾಯಿಲ್ ಹೊಂದುತ್ತದೆ: ಅರವತ್ತರ ದಶಕದ ಸರ್ಫ್ ರಾಕ್, ಕಂಟ್ರಿ ರಾಕ್, ಫಂಕ್‌ನ ಕಚಕಚನೆ ಕತ್ತರಿಸುವ ರಿದಮ್, ಬ್ಲೂಸ್ ಬೇರಿನ ರಾಕ್. ಧ್ವನಿಯನ್ನು ಪೂರ್ತಿ ಒಡೆದು ದಪ್ಪ ಮಾಡುವ ಹಾರ್ಡ್ ರಾಕ್, ಮೆಟಲ್‌ಗೆ ಹಂಬಕರ್. ಕಾರಣ ರುಚಿ ಮಾತ್ರವಲ್ಲ. ಡಿಸ್ಟಾರ್ಷನ್ ಎಂದರೆ ಸಣ್ಣ ಸದ್ದನ್ನು ನೂರಾರು ಪಟ್ಟು ಹಿಗ್ಗಿಸಿ, ದೊಡ್ಡ ಸದ್ದಿನ ತಲೆ ಕತ್ತರಿಸುವುದು. ಸ್ವರವೂ ಗುಂಯ್ಯೂ ಆಗ ಒಂದೇ ಎತ್ತರಕ್ಕೆ ಬರುತ್ತವೆ. ಮೆಟಲ್‌ನ ಜೀವ ಇರುವುದು ಹೊಡೆತಗಳ ನಡುವಿನ ಥಟ್ಟನೆ ಕಡಿದ ಮೌನದಲ್ಲಿ. ಆ ಮೌನದಲ್ಲಿ ಜಿ ಸ್ವರ ತುಂಬಿಕೊಂಡರೆ ಹಾಡು ಕೆಡುತ್ತದೆ. ಇನ್ನೊಂದು ಮಾತು, ಸಿಂಗಲ್ ಕಾಯಿಲ್‌ನ ಮೇಲಿನ ಚುರುಕು ಅಂಶಗಳು ಅಷ್ಟು ಒಡೆದಾಗ ಕಿವಿಗೆ ಮರಳು ಎರಚಿದಂತಾಗುತ್ತದೆ. ಹಂಬಕರಿನ ದುಂಡುತನ ಅಲ್ಲಿ ವರವಾಗುತ್ತದೆ.

ಆದರೆ ಇದನ್ನು ಶಾಸನದಂತೆ ಓದಬಾರದು. ಹೆವಿ ಮೆಟಲ್‌ನ ಮೂಲಪುರುಷ ಎನ್ನಿಸಿಕೊಂಡ ಬ್ಲ್ಯಾಕ್ ಸಬತ್‌ನ ಟೋನಿ ಐಯೋಮಿ ಮೊದಲ ಆಲ್ಬಮ್‌ಗಳ ಕಾಲದಲ್ಲಿ ಹಿಡಿದಿದ್ದ ಗಿಬ್ಸನ್ ಎಸ್‌ಜಿ ಗಿಟಾರಿನಲ್ಲಿದ್ದದ್ದು ಪಿ-90, ಅಂದರೆ ದಪ್ಪ ಸುತ್ತಿನ ಸಿಂಗಲ್ ಕಾಯಿಲ್. ಡೀಪ್ ಪರ್ಪಲ್‌ನ ರಿಚಿ ಬ್ಲ್ಯಾಕ್‌ಮೋರ್ ಹಾರ್ಡ್ ರಾಕನ್ನು ಸ್ಟ್ರಾಟೊಕಾಸ್ಟರಿನಲ್ಲೇ ಕಟ್ಟಿದ. ಲೆಡ್ ಝೆಪ್ಪೆಲಿನ್‌ನ ಮೊದಲ ಆಲ್ಬಮ್ಮಿನಲ್ಲಿ ಜಿಮ್ಮಿ ಪೇಜ್ ಹೆಚ್ಚಾಗಿ ನುಡಿಸಿದ್ದು ಟೆಲಿಕಾಸ್ಟರ್. ಇನ್ನು ಎಡ್ಡಿ ವ್ಯಾನ್ ಹೇಲನ್ ಸ್ಟ್ರಾಟೊಕಾಸ್ಟರ್ ಆಕಾರದ ಮರ ಕೊರೆದು ಹಳೆಯ ಗಿಬ್ಸನ್ ಹಂಬಕರ್ ಒಂದನ್ನು ಸೇರಿಸಿದ. 1978ರಲ್ಲಿ ಬಂದ ಅವನ ತಂಡದ ಮೊದಲ ಆಲ್ಬಮ್ಮಿನ ಧ್ವನಿ ಅಂಥ ಗಿಟಾರಿನದು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದಾಗಲೂ ನಾನು ಹೋಗಿದ್ದೆ. ಆ ತಂಡದ ಡೇವ್ ಮರ್ರೆ ಸ್ಟ್ರಾಟೊಕಾಸ್ಟರ್ ಹಿಡಿದು ಬಂದಾಗ ಪಕ್ಕದ ಹುಡುಗ "ಮೆಟಲ್‌ಗೆ ಸಿಂಗಲ್ ಕಾಯಿಲ್ಲಾ?" ಎಂದ. ಅಲ್ಲ. ಸಿಂಗಲ್ ಕಾಯಿಲ್ ಜಾಗದಲ್ಲೇ ಕೂರುವಷ್ಟು ಸಪೂರವಾದ ಎರಡು ಸುರುಳಿಯ ಪಿಕಪ್ಪುಗಳನ್ನು ಹಾಕಿಕೊಳ್ಳುವುದು ಅವನ ರೂಢಿ. ಗಿಟಾರಿನ ಆಕಾರ ನೋಡಿ ಪಿಕಪ್ಪು ಹೇಳಲಾಗದು.

ಮತ್ತೆ ಚಾಚಾನ ಅಂಗಡಿಗೆ ಬರುತ್ತೇನೆ. ನನ್ನ ಹತ್ತಿರ ಹಂಬಕರಿಗೆ ದುಡ್ಡಿರಲಿಲ್ಲ. ಆದರೆ ಮೂರು ಸುರುಳಿಗಳಿದ್ದವು. ಸ್ವಿಚ್ಚಿನ ಎರಡನೆಯ ಮತ್ತು ನಾಲ್ಕನೆಯ ಹಂತದಲ್ಲಿ ನಡುವಿನ ಪಿಕಪ್ಪು ಪಕ್ಕದ್ದರ ಜೊತೆ ಸೇರಿ ಕೆಲಸ ಮಾಡುತ್ತದೆ. ನಡುವಿನದನ್ನು ಮಾತ್ರ ಉಲ್ಟಾ ಮಾಡಿದರೆ ಆ ಎರಡು ಹಂತಗಳಲ್ಲಿ ಅದು ಹಂಬಕರಿನಂತೆ ಸುಮ್ಮನಾಗಬೇಕು. ಚಾಚಾ ಮೊದಲು ನಡುವಿನ ಪಿಕಪ್ಪಿನ ಎರಡು ವೈರುಗಳನ್ನು ಅದಲುಬದಲು ಮಾಡಿ ಬೆಸೆದರು. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೇ ಆಂಪ್ಲಿಫೈಯರ್ ಹಚ್ಚಿದೆವು. ಎರಡನೆಯ ಹಂತಕ್ಕೆ ಸ್ವಿಚ್ಚು ತಂದೆ. ಗುಂಯ್ ಮಾಯ! ನಾನು ಕುಣಿದೇಬಿಟ್ಟೆ. ಆಮೇಲೆ ತಂತಿ ಮೀಟಿದೆ. ಸ್ವರವೂ ಮಾಯವಾದಂತಿತ್ತು. ಸತ್ತ ರೇಡಿಯೊದಿಂದ ಬಂದಂಥ ಸಣಕಲು, ಮೂಗಿನ ಧ್ವನಿ. ಗುಂಯ್‌ನಂತೆ ಸಂಗೀತವೂ ಕೂಡಿ ಕಳೆದುಹೋಗುತ್ತಿತ್ತು. ಎರಡು ಪಿಕಪ್ಪು ಒಟ್ಟಿಗೆ ಹಚ್ಚಿದಾಗ ಧ್ವನಿ ಹೀಗೆ ಬಡವಾದರೆ, ಒಂದೊಂದಾಗಿ ಹಚ್ಚಿದಾಗ ಸರಿಯಿದ್ದರೆ, ಕಾರಣ ಇದೇ ಎಂದು ತಿಳಿಯಬೇಕು.

ಚಾಚಾ ಒಂದು ಬೀಡಿ ಹಚ್ಚಿ ಯೋಚಿಸಿದರು. "ವೈರ್ ತಿರುವಿದ್ವಿ, ಅಯಸ್ಕಾಂತ ತಿರುವಲಿಲ್ಲ." ಫೆಂಡರ್‌ನ ಮೂಲ ಪಿಕಪ್ಪಿನಲ್ಲಿ ಆರು ಕಂಬಗಳೇ ಅಯಸ್ಕಾಂತ, ಅವನ್ನು ಕಿತ್ತರೆ ಸುರುಳಿ ಹರಿಯುವ ಅಪಾಯ. ನನ್ನ ಅಗ್ಗದ ಗಿಟಾರಿನ ಭಾಗ್ಯವೆಂದರೆ ಅದರ ಕಂಬಗಳು ಬರೀ ಕಬ್ಬಿಣ, ಅಡಿಯಲ್ಲಿ ಅಂಟಿಸಿದ ಒಂದು ಕರಿ ಸಿರಾಮಿಕ್ ಪಟ್ಟಿಯೇ ಅಯಸ್ಕಾಂತ. ತೆಳು ಬ್ಲೇಡು ತೂರಿಸಿ, ಸುರುಳಿಗೆ ತಾಗದಂತೆ ಪಟ್ಟಿಯನ್ನು ಎಬ್ಬಿಸಿ, ಮಗುಚಿ ಅಂಟಿಸಿದರು. ಸರಿಯಾಯಿತೋ ಇಲ್ಲವೋ ನೋಡಲು ಎರಡು ಪಿಕಪ್ಪುಗಳ ಮುಖಕ್ಕೆ ಮುಖ ತಂದರು. ಮೊದಲು ಒಂದನ್ನೊಂದು ತಳ್ಳುತ್ತಿದ್ದವು ಈಗ ಟಪ್ಪನೆ ಅಂಟಿಕೊಂಡವು. ಮತ್ತೆ ಜೋಡಿಸಿ ಮೀಟಿದಾಗ ಎರಡನೆಯ ಹಂತದಲ್ಲಿ ತುಂಬಿದ ಸ್ವರ, ಹಿಂದೆ ಮೌನ. ಒಂದನೆಯ ಹಂತಕ್ಕೆ ಹೋದರೆ ಅದೇ ಹಳೆಯ ಗುಂಯ್. ಚಾಚಾ ತೆಗೆದುಕೊಂಡದ್ದು ಇಪ್ಪತ್ತು ರೂಪಾಯಿ, ಚಹಾ ನನ್ನ ಲೆಕ್ಕ.

ಇದಕ್ಕೂ ಮಿತಿಯಿದೆ, ಅದನ್ನು ಮುಂದಿನ ಹಬ್ಬಗಳು ಕಲಿಸಿದವು. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿಗೆ ತೀರ ಹತ್ತಿರ ನಿಂತರೆ ಎರಡು ಸುರುಳಿಗೂ ತಾಗುವ ಕ್ಷೇತ್ರ ಸಮನಾಗಿರುವುದಿಲ್ಲ. ಆಗ ಹಂಬಕರೂ ಪೂರ್ತಿ ಸುಮ್ಮನಾಗದು. ಎಲ್ಲ ಸದ್ದೂ ಸುರುಳಿಯ ತಪ್ಪಲ್ಲ ಎಂಬುದೂ ಗೊತ್ತಾಯಿತು. ಗಿಟಾರನ್ನು ತಿರುಗಿಸಿದಾಗ ಸದ್ದು ಏರಿ ಇಳಿದರೆ ಅದು ಸುರುಳಿ ಹಿಡಿದದ್ದು. ತಿರುಗಿಸಿದರೆ ಬದಲಾಗದೆ, ಕೈಯಿಂದ ತಂತಿ ಮುಟ್ಟಿದಾಗ ಮಾತ್ರ ಕಡಿಮೆಯಾಗುವ ಜರಜರ ಸದ್ದು ಬೇರೆ ಬಗೆಯದು. ಅದು ಮರೆಯಿಲ್ಲದ ವೈರುಗಳು ಹಿಡಿದದ್ದು, ಅದಕ್ಕೆ ಒಳಗೆ ತಾಮ್ರದ ಹಾಳೆ ಹೊದಿಸಿ ಅರ್ಥಿಂಗಿಗೆ ಜೋಡಿಸಬೇಕು. ಲವರ್ ತಮ್ಮ ಪಿಕಪ್ಪಿಗೆ ಲೋಹದ ಮುಚ್ಚಳ ಹಾಕಿದ್ದು ಇದೇ ಕಾರಣಕ್ಕೆ. ಇನ್ನು ತಂತಿ ಮುಟ್ಟಿದರೆ ಜುಮ್ಮೆಂದು ಶಾಕ್ ಹೊಡೆದರೆ ಸಂಗೀತದ ಮಾತು ಬಿಟ್ಟು ಮೊದಲು ಪ್ಲಗ್ ಕೀಳಬೇಕು. ಪೆಂಡಾಲುಗಳಲ್ಲಿ ಅರ್ಥಿಂಗ್ ಇರುತ್ತದೆಂದು ನಂಬಿ ನುಡಿಸುವಂತಿರಲಿಲ್ಲ.

ನಾನು ನಿಜವಾದ ಹಂಬಕರ್ ಗಿಟಾರನ್ನು ಮೊದಲು ಮುಟ್ಟಿದ್ದು ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆಯಲ್ಲಿ, 2003ರ ಚಳಿಗಾಲದಲ್ಲಿ. ದೋಣಿಯಲ್ಲಿ ಹೊಳೆ ದಾಟಿ ಹೋದರೆ ಅಲ್ಲೊಂದು ಹೋಟೆಲಿನಲ್ಲಿ ಪ್ರವಾಸಿಯೊಬ್ಬ ಬಿಟ್ಟುಹೋಗಿದ್ದ ಕೆಂಪು ಗಿಟಾರು, ಪುಟ್ಟ ಆಂಪ್ಲಿಫೈಯರು ಇತ್ತು. ವಾಲ್ಯೂಮ್ ಪೂರ್ತಿ ಏರಿಸಿ ತಂತಿ ಮುಟ್ಟದೆ ಸುಮ್ಮನೆ ಕೂತೆ. ಏನೂ ಇಲ್ಲ. ಬಂಡೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು, ಹೊಳೆಯ ಸದ್ದು ಕೇಳುತ್ತಿತ್ತು. ಒಂದು ಸ್ವರ ಮೀಟಿದೆ, ಅದು ನಿಲ್ಲದೆ ಉದ್ದಕ್ಕೆ ಹರಿಯಿತು. ಹೋಟೆಲಿನ ಹುಡುಗ, "ಅಣ್ಣಾ, ಕರೆಂಟ್ ಐತೇನು?" ಎಂದು ಕೇಳಿದ. ಗುಂಯ್ ಇಲ್ಲದಿದ್ದರೆ ಕರೆಂಟು ಹೋಗಿದೆ ಎಂದು ಅವನು ತಿಳಿದಿದ್ದ. ಬಹುಶಃ ಅದಕ್ಕೂ ಮುಂಚೆ ಅಲ್ಲಿ ಸಿಂಗಲ್ ಕಾಯಿಲ್ ಗಿಟಾರೇ ಇತ್ತೇನೋ.

2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಗಡ್ಡೆಯ ಹೋಟೆಲುಗಳನ್ನು ಕೆಡವಿದರು. ಚಾಚಾ ಈಗಿಲ್ಲ. ಅಂಗಡಿಯಲ್ಲಿ ಅವರ ಮಗ ಸಬ್‌ಮರ್ಸಿಬಲ್ ಮೋಟರ್ ಸುತ್ತುತ್ತಾನೆ. ಟ್ಯೂಬ್‌ಲೈಟಿನ ಚೋಕುಗಳ ಜಾಗಕ್ಕೆ ಎಲ್‌ಇಡಿ ಬಂದು ಕಂಪ್ಲಿಯ ಪೆಂಡಾಲಿನ ಗುಂಯ್‌ನ ದನಿ ಬದಲಾಗಿದೆ. ಈಗ ಅದು ದಪ್ಪಗಿಲ್ಲ, ಜೀರುಂಡೆಯಂತೆ ತೆಳುವಾಗಿ ಕೊರೆಯುತ್ತದೆ. ನನಗೆ ಈಗ ಒಂದು ಹಂಬಕರ್ ಗಿಟಾರೂ ಇದೆ. ಆದರೂ ಮನೆಯಲ್ಲಿ ಒಬ್ಬನೇ ಇದ್ದಾಗ ಹಳೆಯ ನಕಲಿ ಸ್ಟ್ರಾಟೊಕಾಸ್ಟರನ್ನೇ ತೆಗೆಯುತ್ತೇನೆ. ಸ್ವಿಚ್ಚನ್ನು ಎರಡನೆಯ ಹಂತಕ್ಕೆ ಹಾಕಿ ಮೌನ ಕೇಳಿಸಿಕೊಳ್ಳುತ್ತೇನೆ. ಆಮೇಲೆ ಒಂದನೆಯದಕ್ಕೆ ತರುತ್ತೇನೆ. ಜಿ ಸ್ವರ ಮೆಲ್ಲಗೆ ಏಳುತ್ತದೆ. ಅದಕ್ಕೆ ಬೆನ್ನು ಹಾಕಿ, ಓರೆಯಾಗಿ ನಿಂತು, ಕಂಪ್ಲಿಯಲ್ಲಿ ನಿಂತಂತೆ ನುಡಿಸತೊಡಗುತ್ತೇನೆ.